ಗುಡಿ ಕಟ್ಟೆಯ ಮಾತುಕತೆಗೆ ಬಂದವರಿಗೆಲ್ಲ ಶರಣು

ಐಟಿಐ ಮುಗಿಸಿ ಬೆಂಗಳೂರಿಗೆ ಹೊರಟ ಹುಡುಗರಿಗೆ ನಾಲ್ಕು ಮಾತು ಹೇಳು ಅಂತ ಇಂಡಿ ತಾಲೂಕಿನ ನಮ್ಮೂರ ಹಿರಿಯರು ಕರೆದಿದ್ದರು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮಾತುಕತೆ ಚಲೋ ಆಯಿತು. ಅದಕ್ಕೆ ನನಗಿಂತ ಬೇರೆಯವರೇ ಕಾರಣ.

ಮೊದಲ ಧನ್ಯವಾದ, ಎಲ್ಲರೆದುರು ಎದ್ದು ನಿಂತು ತನ್ನ ಲೋನ್ ಆ್ಯಪ್ ಕಥೆ ಹೇಳಿದ ತಮ್ಮನಿಗೆ. ಪಿಜಿ ಬಾಡಿಗೆ 5ನೇ ತಾರೀಖಿಗೆ, ಸಂಬಳ 10ಕ್ಕೆ. ನಡುವೆ ಕೈ ಖಾಲಿ. ಆ್ಯಪ್‌ನಲ್ಲಿ 5,000 ಕೇಳಿದರೆ ಖಾತೆಗೆ ಬಿದ್ದದ್ದು 3,500. ಉಳಿದದ್ದು ಫೀ ಅಂತ ಮುರಿದುಕೊಂಡರು. ಏಳು ದಿನಕ್ಕೆ ಪೂರ್ತಿ 5,000 ಕಟ್ಟಬೇಕು. ಅದನ್ನು ತೀರಿಸಲು ಇನ್ನೊಂದು ಆ್ಯಪ್. ಕೊನೆಗೆ ಊರಲ್ಲಿದ್ದ ಸೋದರಮಾವನಿಗೂ ಬೈಗುಳದ ಫೋನ್!

ಮಾವನ ನಂಬರ್ ಅವರಿಗೆ ಸಿಕ್ಕಿದ್ದು ಹೇಗೆ? ಆ್ಯಪ್ ಹಾಕುವಾಗಲೇ ಕಾಂಟ್ಯಾಕ್ಟ್, ಫೋಟೊಗಳಿಗೆ ಇವನೇ ‘ಅಲೋ’ ಒತ್ತಿದ್ದ. ಸಾಲದ ಆ್ಯಪ್ ಇವನ್ನು ನೋಡುವಂತಿಲ್ಲ, ಸಾಲ ಕೊಡುವ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರು ಹೇಳಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಕಾಂಟ್ಯಾಕ್ಟ್ ಕೇಳಿದರೆ ಅಲ್ಲೇ ಬಿಟ್ಟುಬಿಡಿ. ಆಮೇಲೆ ಆ್ಯಪ್ ತೆಗೆದುಹಾಕಿದರೂ ನಂಬರುಗಳು ಅವರ ಹತ್ತಿರ ಉಳಿದಿರುತ್ತವೆ. ಸಿಕ್ಕಿಬಿದ್ದರೆ ಮೊದಲು ಮನೆಯವರಿಗೆ ನೀವೇ ಹೇಳಿ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆ ಹುಡುಗನಿಗೆ ಬೇಕಿದ್ದದ್ದು ಐದು ದಿನದ ಕೈಗಡ, ಅಷ್ಟೇ. ಕೇಳಲು ನಾಚಿಕೆ. ಅದಕ್ಕೇ ಪೀಣ್ಯದ ನಮ್ಮ ರೂಮಿನ ಅಣ್ಣಂದಿರಿಗೆ ಎರಡನೇ ಧನ್ಯವಾದ. ಅವರು ತಮ್ಮೊಳಗೇ ನಡೆಸುವ ಚೀಟಿ, ಅಂದರೆ ಭಿಶಿ ಬಗ್ಗೆ ಕಟ್ಟೆಯ ಮೇಲೆ ಬಹಳ ಹೊತ್ತು ಮಾತಾಯಿತು. ಹತ್ತು ಜನ, ತಿಂಗಳಿಗೆ ತಲಾ 1,000. ಕೂಡಿದ 10,000 ಒಬ್ಬರಿಗೆ. ಕಮಿಷನ್ ಇಲ್ಲ, ಹರಾಜಿಲ್ಲ. ಹೊಸದಾಗಿ ಬಂದವನಿಗೆ ಮೊದಲ ಪಾಳಿ, ಯಾಕೆಂದರೆ ಪಿಜಿ ಅಡ್ವಾನ್ಸ್ ಕಟ್ಟಬೇಕಾದವನು ಅವನೇ. ಮೊದಲು ಎತ್ತಿದವನು ಕೆಲಸ ಬಿಟ್ಟು ಹೋದರೆ? ಅದಕ್ಕೆ ಊರಿನ ಒಬ್ಬರು ಜಾಮೀನು ನಿಲ್ಲಬೇಕು. ಅಪ್ಪ ಅವ್ವ ಯಾರು ಅಂತ ಗೊತ್ತಿರುವವರ ನಡುವೆ ಮಾತ್ರ ಇದು ನಡೆಯುತ್ತದೆ. ಫ್ಯಾಕ್ಟರಿಯಲ್ಲಿ ಪರಿಚಯವಾದ ಯಾರೋ ಚೀಟಿ ನಡೆಸುತ್ತೇನೆ ಅಂದರೆ ಸುಮ್ನೆ ಕೈ ಮುಗಿದು ಬನ್ನಿ.

ಬಂದ ಅವ್ವಂದಿರಿಗೂ ಥ್ಯಾಂಕ್ಸ್. ‘ಎಳ್ಳಮಾವಾಸ್ಯೆಗೆ ಚರಗ ಚೆಲ್ಲಾಕ ಬರ್ತಾರಿಲ್ಲೋ?’ ಅಂತ ಒಬ್ಬರು ಕೇಳಿದರು. ಬರಬಹುದು, ಆದರೆ ರಜೆ ಮೊದಲೇ ಕೇಳಿಟ್ಟಿರಬೇಕು. ಹೇಳದೆ ಬಂದರೆ ಗುತ್ತಿಗೆದಾರ ಆ ಜಾಗಕ್ಕೆ ಬೇರೆಯವನನ್ನು ಹಾಕಿಬಿಡುತ್ತಾನೆ. ರೊಟ್ಟಿ ಬುತ್ತಿ ಕಳಿಸುವುದಾದರೆ ಸ್ವಲ್ಪ ಜಾಸ್ತಿನೇ ಕಳಿಸಿ ಅಂದೆ, ರೂಮಲ್ಲಿ ಪಾಲು ಕೇಳುವವರು ಇದ್ದೇ ಇರುತ್ತಾರಲ್ವಾ?

ಈ ಸಲ ಹೊರಟವರು ನನ್ನ ನಂಬರ್ ಗುಡಿ ಪೂಜಾರಿ ಅಜ್ಜನ ಹತ್ತಿರ ಇಸಿದುಕೊಳ್ಳಿ. ಬಸ್ ಹತ್ತುವ ಮುಂಚೆ ಒಂದು ಫೋನ್ ಮಾಡಿ.