ಚಿನ್ನದ ದರದ ಪಕ್ಕ ಶೇಕಡಾವಾರು ವ್ಯತ್ಯಾಸವೂ ಇರಲಿ

ಮಾನ್ಯ ಸಂಪಾದಕರೇ,

‘ಚಿನ್ನ 12,000 ರೂಪಾಯಿ ಕುಸಿತ’ ಎಂಬಂಥ ತಲೆಬರಹಗಳು ಈಚೆಗೆ ಜಾಸ್ತಿಯಾಗಿವೆ. ಒಳಗೆ ಓದಿದರೆ ಅದು 100 ಗ್ರಾಂ ಲೆಕ್ಕ. ಮನೆ ಮಂದಿ 100 ಗ್ರಾಂ ಕೊಳ್ಳುವುದು ಎಷ್ಟು ಸಲ ಹೇಳಿ? 10 ಗ್ರಾಂಗೆ ಅದು 1,200 ರೂಪಾಯಿ, ಗ್ರಾಂಗೆ 120. ಇಳಿಕೆ ಒಂದೇ, ತೂಕ ಬದಲಾಯಿಸಿದ್ದಕ್ಕೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಆ 1,200 ಜಾಸ್ತಿಯೋ ಕಡಿಮೆಯೋ ಅಂತ ತಿಳಿಯಲು ನಿನ್ನೆಯ ದರ ಬೇಕೇ ಬೇಕು. 24 ಕ್ಯಾರೆಟ್ 10 ಗ್ರಾಂಗೆ ನಿನ್ನೆ 1,20,000 ಇತ್ತು ಅಂದುಕೊಳ್ಳಿ. 1,200ನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 1. ಚಿನ್ನ ದಿನಕ್ಕೆ ಇಷ್ಟು ಏರಿಳಿಯುವುದು ಮಾಮೂಲು. ದರ 30,000ದ ಆಸುಪಾಸಿನಲ್ಲಿದ್ದ 2017ರಲ್ಲಿ ಒಂದೇ ದಿನ 1,200 ಇಳಿದಿದ್ದರೆ ಅದು ಶೇ 4, ನಿಜಕ್ಕೂ ದೊಡ್ಡ ಸುದ್ದಿ. ದರ ಮೇಲೇರಿದಷ್ಟೂ ಸಾವಿರದ ಲೆಕ್ಕದ ಏರಿಳಿತ ಸಾಮಾನ್ಯವಾಗುತ್ತದೆ. ಆದರೆ ನಮ್ಮ ಕಣ್ಣು ಇನ್ನೂ ಹಳೆಯ ದರಕ್ಕೇ ಒಗ್ಗಿಕೊಂಡಿದೆ.

ದೊಡ್ಡ ಕುಸಿತ ಹೇಗಿರುತ್ತದೆ ಎನ್ನುವುದಕ್ಕೆ ಎರಡು ದಿನ ನೆನಪಿಸಿಕೊಳ್ಳಬಹುದು. 2013ರ ಏಪ್ರಿಲ್ 15ರಂದು ಜಾಗತಿಕ ಮಾರುಕಟ್ಟೆಯಲ್ಲಿ ಚಿನ್ನ ಒಂದೇ ದಿನ ಸುಮಾರು ಶೇ 9 ಬಿತ್ತು. 2024ರ ಜುಲೈ 23ರ ಬಜೆಟ್‌ನಲ್ಲಿ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಲಾಯಿತು. ಅಲ್ಲೂ ಲೆಕ್ಕ ತಪ್ಪುವುದು ಸುಲಭ. ಸುಂಕ 9 ಅಂಶ ಇಳಿದರೆ ದರವೂ ಶೇ 9 ಇಳಿಯಬೇಕಲ್ವಾ ಅನ್ನಿಸುತ್ತದೆ. ಆದರೆ ಸುಂಕ ಸೇರಿ 115 ಇದ್ದದ್ದು 106 ಆಯಿತು. ಅಂದರೆ ಇಳಿಯಬೇಕಾದದ್ದು ಸುಮಾರು ಶೇ 7.8. ಇಂಥ ಇಳಿಕೆಗೆ ಎದ್ದು ಕಾಣುವ ಕಾರಣವಿತ್ತು, ಮರುದಿನವೇ ಅಳಿಸಿಹೋಗುವಂಥದ್ದಲ್ಲ. ಶೇ 1ರ ಇಳಿಕೆ ನಾಳೆಯೇ ವಾಪಸ್ ಏರಬಹುದು.

ಇನ್ನೊಂದು ಎಚ್ಚರ ಬೇಕು. ನಿನ್ನೆಯ 24 ಕ್ಯಾರೆಟ್ ದರವನ್ನು ಇಂದಿನ 22 ಕ್ಯಾರೆಟ್ ದರದ ಜೊತೆ ಹೋಲಿಸಿದರೆ ಏನೂ ಆಗದಿದ್ದರೂ ಶೇ 8ಕ್ಕಿಂತ ಹೆಚ್ಚು ‘ಕುಸಿತ’ ಕಾಣುತ್ತದೆ.

ಮದುವೆಗೆ ಒಡವೆ ಮಾಡಿಸುವವರು ಇಂಥ ತಲೆಬರಹ ನೋಡಿ ಸುಮ್ನೆ ಆತುರಪಡುತ್ತಾರೆ. 22 ಕ್ಯಾರೆಟ್ 10 ಗ್ರಾಂಗೆ 1,10,000 ಇದ್ದರೆ 20 ಗ್ರಾಂ ಸರಕ್ಕೆ ಚಿನ್ನದ ಬೆಲೆ 2,20,000. ದರ ಶೇ 1 ಇಳಿದರೆ ಉಳಿಯುವುದು 2,200. ಮಜೂರಿಯನ್ನು ಶೇ 12ರಿಂದ 11ಕ್ಕೆ ಇಳಿಸಿಕೊಂಡರೂ ಅಷ್ಟೇ ಉಳಿಯುತ್ತದೆ. ಅದಕ್ಕೆ ಯಾವ ಕುಸಿತಕ್ಕೂ ಕಾಯಬೇಕಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ದಿನವೂ ಒಂದೇ ತೂಕದ, ಒಂದೇ ಕ್ಯಾರೆಟ್‌ನ ದರ ಕೊಡಿ. ಅದರ ಪಕ್ಕದಲ್ಲೇ ನಿನ್ನೆಯ ದರ, ಇಂದಿನ ದರ, ಶೇಕಡಾ ವ್ಯತ್ಯಾಸ ಮೂರನ್ನೂ ಅಚ್ಚು ಮಾಡಿ. ವ್ಯತ್ಯಾಸ ಶೇ 2 ದಾಟದ ದಿನ ‘ಭಾರಿ’ ಎಂಬ ಪದ ತಲೆಬರಹದಲ್ಲಿ ಬೇಡ.

ಇಂತಿ,
ತಮ್ಮ ಪತ್ರಿಕೆಯ ಓದುಗ