ಬಣ್ಣದ ಬಿಲ್ಲಿನಲ್ಲಿ ಅರ್ಧ ಕಡಿತ: ವಾಹನ ವಿಮೆಯ ಲೆಕ್ಕ ಸರಿಯಾಗಲಿ

ಮಾನ್ಯ ಸಂಪಾದಕರೇ,

ಅಪಘಾತಕ್ಕೀಡಾದ ಕಾರಿನ ದುರಸ್ತಿಗೆ ವಿಮಾ ಕಂಪನಿ ಕೊಡುವ ಮೊತ್ತ ವರ್ಕ್‌ಶಾಪಿನ ಬಿಲ್ಲಿಗಿಂತ ಕಡಿಮೆಯಿರುವುದು ಸಹಜ. ಸವಕಳಿ ಕಳೆಯದೆ ಹಣ ಕೊಡುವ ಜೀರೊ ಡೆಪ್ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಹಳೆಯ ಭಾಗಕ್ಕೆ ಬದಲಾಗಿ ಹೊಸದನ್ನು ಹಾಕಿದಾಗ ಸವಕಳಿ ಕಳೆಯಲೇಬೇಕಾಗುತ್ತದೆ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸವಕಳಿಗೆ ಗೊತ್ತಾದ ದರಗಳಿದ್ದೂ ಅವುಗಳನ್ನು ಮೀರಿ ಕಡಿತ ಮಾಡಿ, ಆ ಮೊತ್ತವನ್ನೇ ‘ಪೂರ್ಣ ಮತ್ತು ಅಂತಿಮ’ ಎಂದು ಒಪ್ಪಿಕೊಳ್ಳುವಂತೆ ಸಹಿ ಕೇಳುವ ಪರಿಪಾಠದ ಬಗ್ಗೆ, ನನ್ನದೇ ಕ್ಲೇಮಿನ ಲೆಕ್ಕವನ್ನು ಮುಂದಿಟ್ಟು ಬರೆಯುತ್ತಿದ್ದೇನೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ ಸೀಮೆಯ ರಸ್ತೆಗಳಲ್ಲಿ ಓಡಾಡುವವರಿಗೆ, ಹಿಂದಿನ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರೇಲರ್‌ಗಳ ಪರಿಚಯ ಇದ್ದೇ ಇದೆ. ಅಂಥದ್ದೊಂದು ಟ್ರೇಲರ್‌ನ ಹಿಂಬದಿಗೆ ನನ್ನ ಕಾರು ತಾಗಿ ಬಾನೆಟ್, ಬಂಪರ್, ಒಂದು ಫೆಂಡರ್ ಹಾಗೂ ಮುಂದಿನ ಗಾಜು ಹಾಳಾದವು. ಕಾರಿಗೆ ಆಗ ಮೂರು ವರ್ಷ ತುಂಬಿ ನಾಲ್ಕು ತಿಂಗಳು ಕಳೆದಿತ್ತು. ಅಧಿಕೃತ ವರ್ಕ್‌ಶಾಪಿನ ಬಿಲ್ 78,000 ರೂಪಾಯಿ: ಪ್ಲಾಸ್ಟಿಕ್ ಭಾಗಗಳಿಗೆ 14,000, ಲೋಹದ ಭಾಗಗಳಿಗೆ 24,000, ಗಾಜಿಗೆ 9,000, ಬಿಚ್ಚಿ ಜೋಡಿಸುವ ಕೂಲಿಗೆ 11,000, ಬಣ್ಣಕ್ಕೆ 20,000. ಕಂಪನಿ ಕೊಡಲು ಮುಂದಾದದ್ದು 47,750 ರೂಪಾಯಿ.

ಪಾಲಿಸಿಯ ದರಗಳ ಪ್ರಕಾರ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50ರಷ್ಟು ಸವಕಳಿಯುಂಟು, ಗಾಜಿಗೆ ಇಲ್ಲವೇ ಇಲ್ಲ. ಲೋಹದ ಭಾಗಗಳ ಸವಕಳಿ ವಾಹನದ ವಯಸ್ಸಿನೊಂದಿಗೆ ಏರುತ್ತಾ ಹೋಗುತ್ತದೆ. ಮೂರರಿಂದ ನಾಲ್ಕು ವರ್ಷದೊಳಗಿನ ವಾಹನಕ್ಕೆ ಅದು ಶೇ 25. ಕೂಲಿಗೆ ಸವಕಳಿಯಿಲ್ಲ. ಈ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿಗೆ 7,000, ಲೋಹಕ್ಕೆ 18,000, ಗಾಜಿಗೆ 9,000, ಕೂಲಿಗೆ 11,000 ರೂಪಾಯಿ ಬರಬೇಕು. ಉಳಿದದ್ದು ಬಣ್ಣ. ಮೊದಲ ತಪ್ಪು ನಡೆದಿರುವುದು ಅಲ್ಲಿಯೇ.

ಬಣ್ಣದ ಖರ್ಚಿನಲ್ಲಿ ಸವಕಳಿ ಅನ್ವಯವಾಗುವುದು ಸಾಮಗ್ರಿಗೆ ಮಾತ್ರ. ಬಣ್ಣ ಹಳೆಯದಾಗುತ್ತದೆ, ಬಣ್ಣ ಹೊಡೆಯುವವನ ದುಡಿಮೆ ಹಳೆಯದಾಗುವುದಿಲ್ಲ ಎಂಬುದು ಇದರ ಹಿಂದಿರುವ ಸರಳ ನ್ಯಾಯ. ಸಾಮಗ್ರಿಗೆ ಇಷ್ಟು, ಕೂಲಿಗೆ ಇಷ್ಟು ಎಂದು ಬಿಡಿಸದೆ ವರ್ಕ್‌ಶಾಪಿನವರು ಒಟ್ಟಾಗಿ ಬಿಲ್ ಕೊಟ್ಟಿದ್ದರೆ ಏನು ಮಾಡಬೇಕೆಂಬುದನ್ನೂ ನಿಯಮ ಹೇಳುತ್ತದೆ: ಒಟ್ಟು ಮೊತ್ತದ ಶೇ 25 ಭಾಗವನ್ನು ಸಾಮಗ್ರಿಯೆಂದು ಎಣಿಸಿ, ಅದರ ಮೇಲಷ್ಟೇ ಶೇ 50 ಕಳೆಯಬೇಕು. ನನ್ನ 20,000ದಲ್ಲಿ ಸಾಮಗ್ರಿಯ ಪಾಲು 5,000, ಕಡಿತ 2,500, ಸಿಗಬೇಕಾದದ್ದು 17,500. ನಷ್ಟದ ಅಂದಾಜು ಮಾಡುವ ಸರ್ವೇಯರ್ ಬಣ್ಣದ ಇಡೀ ಬಿಲ್ಲಿನ ಮೇಲೆ ಶೇ 50 ಕಳೆದು 10,000 ಎಂದು ಬರೆದಿದ್ದಾರೆ. ಒಂದೇ ಸಾಲಿನಲ್ಲಿ 7,500 ರೂಪಾಯಿ ಹೋಯಿತು. ಇದರಲ್ಲಿ ಅಭಿಪ್ರಾಯಭೇದಕ್ಕೆ ಆಸ್ಪದವೇ ಇಲ್ಲ, ಇದು ಬರೀ ಗುಣಾಕಾರ, ಭಾಗಾಕಾರದ ವಿಷಯ.

ಬಾನೆಟ್ಟಿನ ವಿಷಯ ಅಷ್ಟು ಸುಲಭದ್ದಲ್ಲ. ಬಿಲ್ಲಿನ ಲೋಹದ ಭಾಗಗಳ ಮೊತ್ತದಲ್ಲಿ ಹೊಸ ಬಾನೆಟ್ಟಿನದು 11,000 ರೂಪಾಯಿ. ಟಿಂಕರಿಂಗ್ ಮಾಡಿಸಿದರೆ ಸಾಕೆಂದು ಸರ್ವೇಯರ್ ಅದನ್ನು ತೆಗೆದುಹಾಕಿ 2,500 ರೂಪಾಯಿ ಕೂಲಿ ಮಂಜೂರು ಮಾಡಿದ್ದಾರೆ. ಭಾಗವನ್ನು ರಿಪೇರಿ ಮಾಡಿಸಬೇಕೋ ಬದಲಾಯಿಸಬೇಕೋ ಎಂಬ ಆಯ್ಕೆಯನ್ನು ಪಾಲಿಸಿಯ ಷರತ್ತು ಕಂಪನಿಗೇ ಬಿಟ್ಟಿದೆ ಎಂಬುದು ನಿಜ. ವರ್ಕ್‌ಶಾಪಿನವರೂ ಸಾಚಾಗಳೇನಲ್ಲ, ಹೊರತಗಡು ಮಾತ್ರ ನೆಗ್ಗಿದ್ದರೂ ‘ಹೊಸದೇ ಹಾಕಿಸಿ ಸಾರ್’ ಎನ್ನುವುದು ಅವರ ವಾಡಿಕೆ, ಮತ್ತು ಅಂಥ ಕಡೆ ಸರ್ವೇಯರ್ ತಡೆಯುವುದೇ ಸರಿ. ಆದರೆ ಬಾನೆಟ್ ಎಂದರೆ ಬರೀ ಮೇಲಿನ ತಗಡಲ್ಲ. ಅದರಡಿ ಒಂದು ಒಳಚೌಕಟ್ಟಿರುತ್ತದೆ. ಡಿಕ್ಕಿಯಾದಾಗ ಬಾನೆಟ್ ಗಾಜಿನೊಳಗೆ ನುಗ್ಗದೆ ನಡುವೆ ಮಡಚಿಕೊಳ್ಳುವಂತೆ ಆ ಚೌಕಟ್ಟನ್ನು ಗೊತ್ತಾದ ಜಾಗಗಳಲ್ಲಿ ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಒಮ್ಮೆ ಮಡಚಿದ ಜಾಗವನ್ನು ಬಡಿದು ನೇರ ಮಾಡಿದರೆ ನೋಟಕ್ಕೆ ಸರಿಹೋದೀತೇ ಹೊರತು ಮುಂದಿನ ಡಿಕ್ಕಿಯಲ್ಲಿ ಅದು ಮೊದಲಿನಂತೆಯೇ ಮಡಚಿಕೊಳ್ಳುತ್ತದೆಂಬ ಭರವಸೆಯಿಲ್ಲ. ಅಂಚಿನ ಸೀಲೆಂಟ್ ಬಿರುಕು ಬಿಟ್ಟಿದ್ದರೆ ಅಲ್ಲಿಂದ ತುಕ್ಕು ಹಿಡಿಯುತ್ತದೆ.

ಸಾಮಾನ್ಯ ಮಾಲೀಕನೂ ಇದನ್ನು ಗುರುತಿಸಬಹುದು. ಬಾನೆಟ್ ಮುಚ್ಚಿ ನೋಡಿದಾಗ ಎಡ ಬಲ ಫೆಂಡರ್‌ಗಳ ಸಂದು ಒಂದೇ ಅಳತೆಯಲ್ಲಿಲ್ಲದಿದ್ದರೆ, ಲಾಕ್ ಗಟ್ಟಿಯಾಗಿ ಕೂರದಿದ್ದರೆ, ಎತ್ತಿ ನೋಡಿದಾಗ ಒಳಚೌಕಟ್ಟಿನಲ್ಲಿ ಗೆರೆ ಬಿದ್ದಂತೆ ಮಡಿಕೆ ಕಂಡರೆ, ಪೆಟ್ಟು ಮೇಲಿನ ತಗಡಿಗೆ ಮಾತ್ರ ಬಿದ್ದಿಲ್ಲವೆಂದು ತಿಳಿಯಬೇಕು. ನನ್ನ ಕಾರಿನಲ್ಲಿ ಈ ಮೂರೂ ಇದ್ದವು. ಒಳಗಿನ ಮಡಿಕೆ ಪೂರ್ತಿ ಕಂಡದ್ದು ಭಾಗಗಳನ್ನು ಬಿಚ್ಚಿದ ಮೇಲೆ. ಸರ್ವೇಯರ್ ನೋಡಿಹೋದದ್ದು ಅದಕ್ಕೂ ಮುಂಚೆ. ಬಿಚ್ಚಿದ ನಂತರ ವರ್ಕ್‌ಶಾಪಿನವರು ಫೋಟೊಗಳೊಂದಿಗೆ ಪೂರಕ ಎಸ್ಟಿಮೇಟ್ ಕಳಿಸಿದರೂ ಮರುಪರಿಶೀಲನೆ ನಡೆಯಲಿಲ್ಲ. ಹೊಸ ಬಾನೆಟ್ಟಿಗೆ ಶೇ 25 ಸವಕಳಿ ಕಳೆದು 8,250 ರೂಪಾಯಿ ಬರಬೇಕಿದ್ದ ಕಡೆ 2,500 ಮಾತ್ರ ಬಂದಿದ್ದರಿಂದ 5,750 ರೂಪಾಯಿಯ ಕೊರತೆ ಉಳಿಯಿತು.

ನಿಯಮದಂತೆ ಬರಬೇಕಾದ ಮೊತ್ತಗಳೆಲ್ಲ ಸೇರಿದರೆ 62,500. ಇದರಲ್ಲಿ 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಮತ್ತು ಹಳೆಯ ಬಿಡಿಭಾಗಗಳ ಗುಜರಿ ಬೆಲೆಯೆಂದು ಹಿಡಿದ 500 ರೂಪಾಯಿ ಹೋಗಿ 61,000 ಆಗುತ್ತದೆ. ಅವೆರಡು ಕಡಿತಗಳನ್ನು ನಾನು ಪ್ರಶ್ನಿಸಿಲ್ಲ. ಪ್ರಶ್ನಿಸಿರುವುದು ಈ 61,000ಕ್ಕೂ ಕಂಪನಿಯ 47,750ಕ್ಕೂ ನಡುವಿನ 13,250 ರೂಪಾಯಿಯನ್ನು.

ಮೈಸೂರಿನ ಶಾಖೆಯಲ್ಲಿ ಸಿಕ್ಕ ಉತ್ತರ ಒಂದೇ: ‘ಸರ್ವೇಯರ್ ವರದಿಯೇ ಅಂತಿಮ, ನಮ್ಮ ಕೈಯಲ್ಲಿ ಏನೂ ಇಲ್ಲ.’ ಇದು ನಿಜವಲ್ಲ. ಸರ್ವೇಯರ್ ವರದಿ ಮಹತ್ವದ ಸಾಕ್ಷ್ಯವೇ ಆದರೂ ಅದೇ ಕೊನೆಯ ಮಾತಲ್ಲ, ಅದು ವಿಮೆದಾರರನ್ನಾಗಲಿ ಕಂಪನಿಯನ್ನಾಗಲಿ ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿಯೇ ಹೇಳಿದೆ. ಆದ್ದರಿಂದ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆದು, ಯಾವ ಸಾಲಿನಲ್ಲಿ ಎಷ್ಟು ಕಡಿತವಾಗಿದೆ ಎಂದು ನೋಡದೆ ಯಾರೂ ಒಪ್ಪಿಗೆ ಕೊಡಬಾರದು. ‘ಪೂರ್ಣ ಮತ್ತು ಅಂತಿಮ’ ಎಂಬ ಒಪ್ಪಿಗೆ ಪತ್ರವಾದ ಡಿಸ್ಚಾರ್ಜ್ ವೋಚರ್‌ಗೆ ಈಗಾಗಲೇ ಸಹಿ ಹಾಕಿದವರೂ ಕೈಚೆಲ್ಲಬೇಕಿಲ್ಲ. ಆ ಸಹಿಯಿಂದ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದರೂ ‘ತಕರಾರಿಗೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಮಾಡುವುದು ಕ್ಷೇಮ. ನಾನು ಹಾಗೆಯೇ ಮಾಡಿದ್ದೇನೆ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲಿನ ಲೆಕ್ಕವನ್ನೂ ಫೋಟೊಗಳನ್ನೂ ಕಳಿಸಿದ್ದೇನೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅವರು ನೀಡುವ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದೇ ಇದೆಯಾದರೂ ಇಷ್ಟು ಸಣ್ಣ ಮೊತ್ತಕ್ಕೆ ಓಂಬುಡ್ಸ್‌ಮನ್ ದಾರಿಯೇ ಹಗುರವೆಂದು ನನಗೆ ತೋರುತ್ತದೆ.

ವಿಮಾ ಕಂಪನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಇತ್ಯರ್ಥದ ಪತ್ರದಲ್ಲಿ ಬಣ್ಣದ ಸಾಮಗ್ರಿ ಎಷ್ಟು, ಕೂಲಿ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸಲಿ, ಬದಲಾಯಿಸಬೇಕೆಂದ ಭಾಗವನ್ನು ರಿಪೇರಿಗೆ ಇಳಿಸಿದಾಗ, ಬಿಚ್ಚಿದ ನಂತರ ನೋಡಿಯೇ ಹಾಗೆ ಮಾಡಿದ್ದೆಂದು ಕಾರಣಸಹಿತ ಬರೆಯಲಿ. ಇತ್ತೀಚೆಗೆ ಕ್ಲೇಮ್ ಮುಗಿಸಿಕೊಂಡ ಓದುಗರು ತಮ್ಮ ಪತ್ರದಲ್ಲಿ ಬಣ್ಣದ ಸಾಲನ್ನೊಮ್ಮೆ ತೆಗೆದು ನೋಡಲಿ. ಅಲ್ಲಿ ನೇರವಾಗಿ ಅರ್ಧ ಕಡಿತವಾಗಿದ್ದರೆ ಮೊದಲು ಕಂಪನಿಗೆ ಲಿಖಿತವಾಗಿ ಬರೆಯಬೇಕು. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಲು ಅವಕಾಶವಿದೆ.

ಇಂತಿ,
ಒಬ್ಬ ವಾಹನ ಮಾಲೀಕ, ಮಂಡ್ಯ