ಚಿನ್ನ ಕೊಳ್ಳದವರೂ ಊರಿನಲ್ಲಿದ್ದೇವೆ

ಮಾನ್ಯ ಸಂಪಾದಕರೇ,

ಅಕ್ಷಯ ತೃತೀಯದ ಮರುದಿನ ತಮ್ಮ ನಗರ ಪುಟದಲ್ಲಿ ಬಂದ ‘ಬೆಲೆ ಏರಿದರೂ ಕುಗ್ಗದ ಉತ್ಸಾಹ: ಚಿನ್ನಕ್ಕೆ ಮುಗಿಬಿದ್ದ ಜನ’ ಎಂಬ ಸಚಿತ್ರ ವರದಿಯನ್ನು ಓದಿದೆ. ಚಿತ್ರದ ಎಡಬದಿಯಲ್ಲಿ ಕೊಡೆ ಹಿಡಿದು ನಿಂತಿರುವವನು ನಾನೇ. ನಾನು ಯಾವುದಕ್ಕೂ ಮುಗಿಬಿದ್ದಿರಲಿಲ್ಲ. ಆಭರಣದ ಅಂಗಡಿಯವರು ಕಾಲುದಾರಿಯ ಮೇಲೆಯೇ ಶಾಮಿಯಾನ ಹಾಕಿ, ಕುರ್ಚಿಗಳನ್ನು ಜೋಡಿಸಿ, ಬಸ್ಸುಗಳು ಹಿಂದಿನ ಬೀದಿಗೆ ತಿರುಗುವಂತೆ ಮಾಡಿದ್ದರಿಂದ, ಎದುರಿನ ಔಷಧಿ ಅಂಗಡಿಗೆ ದಾಟಲಾಗದೆ ಬಿಸಿಲಿನಲ್ಲಿ ನಿಂತಿದ್ದೆ. ಅಂಥ ನನ್ನನ್ನೂ ತಾವು ಉತ್ಸಾಹಿ ಗ್ರಾಹಕರ ಲೆಕ್ಕಕ್ಕೆ ಸೇರಿಸಿಕೊಂಡಿದ್ದೀರಿ. ಧನ್ಯವಾದಗಳು.

ಮುಸೊಲಿನಿಯ ಸೆರೆಮನೆಯಲ್ಲಿ ಕುಳಿತು ಟಿಪ್ಪಣಿ ಬರೆದ ಇಟಲಿಯ ಆಂಟೋನಿಯೊ ಗ್ರಾಮ್ಶಿ, ಉಳ್ಳವರ ಯಾಜಮಾನ್ಯವು ಲಾಠಿಯೊಂದರಿಂದಲೇ ನಡೆಯುವುದಿಲ್ಲ, ಅವರ ಹಿತವೇ ಎಲ್ಲರ ಸಹಜ ತಿಳಿವಳಿಕೆ ಎಂಬಂತಾಗಿ ಜನರ ಸಮ್ಮತಿಯಿಂದಲೂ ನಡೆಯುತ್ತದೆ ಎಂದು ವಿವರಿಸಿದ. ಆ ಸಮ್ಮತಿ ಹೇಗೆ ತಯಾರಾಗುತ್ತದೆಂದು ನೋಡಬೇಕಾದವರಿಗೆ ತಮ್ಮ ವರದಿಯೇ ಸಾಕು. ಬೆಲೆ ಏರಿದರೆ ‘ಕುಗ್ಗದ ಉತ್ಸಾಹ’, ಇಳಿದರೆ ‘ಆಭರಣ ಪ್ರಿಯರಿಗೆ ಸಿಹಿಸುದ್ದಿ’, ಎಂದರೆ ಕೊಳ್ಳದಿರಲು ಪತ್ರಿಕೆಯಲ್ಲಿ ಯಾವ ಕಾರಣವೂ ಉಳಿಯುವುದಿಲ್ಲ. ವರದಿಯಲ್ಲಿ ಮಾತನಾಡಿದವರು ಇಬ್ಬರು ವರ್ತಕರು ಮತ್ತು ಸರ ಕೊಂಡ ಒಬ್ಬ ಮಹಿಳೆ. ಮುಖಪುಟವನ್ನು ಪೂರ್ತಿ ಮುಚ್ಚಿದ್ದು ಅದೇ ವರ್ತಕರಲ್ಲೊಬ್ಬರ ಜಾಹೀರಾತು.

ಆ ಜಾಹೀರಾತಿನಲ್ಲಿ ‘ವೇಸ್ಟೇಜ್ ಮೇಲೆ ಶೇ 50 ರಿಯಾಯಿತಿ’ ಎಂದಿತ್ತು. ವರದಿಗಾರರು ಒಂದು ಸಣ್ಣ ಲೆಕ್ಕ ಹಾಕಬಹುದಿತ್ತು. 10 ಗ್ರಾಂ ಸರಕ್ಕೆ ಶೇ 16 ವೇಸ್ಟೇಜ್ ಹಾಕಿ ಅರ್ಧ ಬಿಟ್ಟರೂ 0.8 ಗ್ರಾಂ ಚಿನ್ನದ ಬೆಲೆ ಹೆಚ್ಚಿಗೆ ತೆರಬೇಕು. ಈ ಒಟ್ಟು ಬೆಲೆಯ ಮೇಲೆ ಶೇ 3 ಜಿಎಸ್‌ಟಿ ಸೇರಿದರೆ ಕೊಂಡವರು ಕೊಟ್ಟಿದ್ದು 11 ಗ್ರಾಂಗೂ ಮೀರಿದ ಹಣ. ಕಷ್ಟಕಾಲದಲ್ಲಿ ಮಾರಲು ಹೋದಾಗ ತೂಗುವುದು ಮಾತ್ರ 10 ಗ್ರಾಂ, ಅದರಲ್ಲೂ ಕಳೆಯುವುದಿರುತ್ತದೆ. ಹಬ್ಬದ ಸುದ್ದಿಯಲ್ಲಿ ಇಂಥ ಲೆಕ್ಕ ಅಪಶಕುನವೇನೋ!

ನನ್ನ ತಾಯಿಯ ಕಾಲದಲ್ಲಿ ಅಕ್ಷಯ ತೃತೀಯವೆಂದರೆ ನೀರು ತುಂಬಿದ ಕೊಡ, ಕೊಡೆ, ಪಾದರಕ್ಷೆ ದಾನ ಮಾಡುವ ದಿನ; ಕೊಟ್ಟದ್ದು ಅಕ್ಷಯವಾಗುತ್ತದೆಂಬ ನಂಬಿಕೆ. ಕಳೆದ ಎರಡು ಮೂರು ದಶಕಗಳಲ್ಲಿ ಜಾಹೀರಾತುಗಳೂ ಪತ್ರಿಕೆಗಳೂ ಟಿ.ವಿ.ಯ ಜ್ಯೋತಿಷಿಗಳೂ ಸೇರಿ ‘ಕೊಟ್ಟದ್ದು’ ಎಂಬಲ್ಲಿ ‘ಕೊಂಡದ್ದು’ ಎಂದು ಕೂರಿಸಿದ್ದಾರೆ, ಅದೂ ಅನಾದಿ ಕಾಲದ ಪದ್ಧತಿಯೆಂಬಂತೆ. ಅದೇ ದಿನ ಬಸವ ಜಯಂತಿ. ನಾಳೆಗೆಂದು ಒಂದೊರೆ ಹೊನ್ನನ್ನೂ ಇಟ್ಟುಕೊಳ್ಳಲೊಲ್ಲದ ಬಸವಣ್ಣನವರಿಗೆ ತಮ್ಮ ಪತ್ರಿಕೆಯಲ್ಲಿ ಸಿಕ್ಕಿದ್ದು ಒಳಪುಟದ ಒಂದು ಕಾಲಂ.

ಸಿನಿಮಾದವರ ಪಾತ್ರವೂ ಕಡಿಮೆಯೇನಲ್ಲ. 1990ರ ದಶಕದ ಹಿಂದಿ ಮದುವೆ ಚಿತ್ರಗಳ ನಂತರ ನಮ್ಮ ಮನೆಗಳ ಅರಿಶಿಣ ಶಾಸ್ತ್ರ ‘ಹಲ್ದಿ’ಯಾಗಿ ಹಳದಿ ಉಡುಪಿನ ಖರ್ಚನ್ನು ತಂದಿತು. ಎಂದೂ ಇಲ್ಲದ ‘ಸಂಗೀತ್’ ಬಂದು ಇನ್ನೊಂದು ದಿನದ ಛತ್ರದ ಬಾಡಿಗೆಯನ್ನು ಸೇರಿಸಿತು. ಇವನ್ನು ಯಾರೂ ಬಲವಂತದಿಂದ ಹೇರಲಿಲ್ಲ. ನನ್ನ ಮಗಳ ಮದುವೆಯಲ್ಲಿ ಬೀಗರು ಬಾಯಿಬಿಟ್ಟು ಕೇಳಲೂ ಇಲ್ಲ, ‘ಎಲ್ಲರೂ ಮಾಡುತ್ತಾರಲ್ಲ’ ಎಂದು ನಮ್ಮ ಮನೆಯವರೇ ಸಾಲಕ್ಕೆ ಒಪ್ಪಿಕೊಂಡರು.

ಶಾಮಿಯಾನದ ಬಗ್ಗೆ ಸ್ಥಳೀಯ ಕಚೇರಿಗೆ ದೂರಿದಾಗ ಅಲ್ಲಿನ ಅಧಿಕಾರಿ, ‘ಹಬ್ಬ ಅಲ್ವಾ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ವ್ಯಾಪಾರವನ್ನೇ ಹಬ್ಬವೆಂದು ನಂಬಿದವರಿಗೆ ಏನು ಹೇಳುವುದು? ಇದೇ ಕಚೇರಿಯವರು ಕಳೆದ ವರ್ಷ ಅದೇ ಕಾಲುದಾರಿಯಿಂದ ಹೂವಿನ ಬುಟ್ಟಿಯವರನ್ನು ‘ಅತಿಕ್ರಮಣ’ವೆಂದು ಎಬ್ಬಿಸಿದ್ದರು. ಚರಂಡಿಯ ಚಪ್ಪಡಿಗಾಗಿ ನಾವು ಕೊಟ್ಟ ಅರ್ಜಿಗಳು ಮಾತ್ರ ಅಲ್ಲಿ ನಿಜಕ್ಕೂ ಅಕ್ಷಯವಾಗಿ ಉಳಿದಿವೆ.

ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮವೇ ಆಗಿದೆ. ಮಂಡಳಿಗೆ ಛೀಮಾರಿ ಹಾಕುವುದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವ ಅಧಿಕಾರವಿಲ್ಲವೆಂಬುದು ತಮಗೂ ಗೊತ್ತು. ಆದ್ದರಿಂದ ತಾವಾಗಿಯೇ ಇಂಥ ವರದಿಗಳ ನೆತ್ತಿಯ ಮೇಲೆ ‘ಜಾಹೀರಾತು’ ಎಂದು ಅಚ್ಚು ಹಾಕಬೇಕು, ಇಲ್ಲವೇ ಅವುಗಳನ್ನು ನಿಲ್ಲಿಸಬೇಕು. ಸಂಬಂಧಪಟ್ಟ ಅಧಿಕಾರಿಗಳೂ ಎಚ್ಚೆತ್ತು ಸೂಕ್ತ ಕ್ರಮ ಕೈಗೊಳ್ಳಬೇಕು. ಎರಡೂ ಆಗದಿದ್ದರೆ ಚಿತ್ರದಿಂದ ನನ್ನನ್ನಾದರೂ ತೆಗೆಯಿರಿ. ನೆಂಟರು ಫೋನ್ ಮಾಡಿ ‘ಎಷ್ಟು ಗ್ರಾಂ ತಗೊಂಡ್ರಿ’ ಎಂದು ಕೇಳುತ್ತಿದ್ದಾರೆ.

ಇತಿ,
ಪೇಟೆ ಬೀದಿಯ ನಿವಾಸಿ, ತಮ್ಮ ಹಳೆಯ ಚಂದಾದಾರ